ಕೆಲಸಕ್ಕೆ ಇಬ್ಬರು, ಟಿಕೆಟ್‌ಗೆ ಒಬ್ಬರೇ

ಸಾಫ್ಟ್‌ವೇರ್ ತಂಡಗಳಲ್ಲಿ ಮಾಡಬೇಕಾದ ಪ್ರತಿ ಕೆಲಸಕ್ಕೂ ಒಂದು ಟಿಕೆಟ್ ತೆರೆಯುತ್ತಾರೆ. ಬಹಳ ಕಡೆ ಬಳಸುವ ಜಿರಾದಲ್ಲಿ ಅದರ `Assignee` ಜಾಗದಲ್ಲಿ ಒಂದೇ ಹೆಸರು ಹಿಡಿಸುತ್ತದೆ. ಗಿಟ್‌ಹಬ್‌ನಲ್ಲಾದರೆ ಒಂದಕ್ಕೆ 10 ಜನರವರೆಗೂ ಸೇರಿಸಬಹುದು. ಇಬ್ಬರು ಜೊತೆಗೂಡಿ ಕೋಡ್ ಬರೆಯುವಾಗ ಎರಡೂ ಹೆಸರು ಹಾಕುವುದೇ ನ್ಯಾಯವಲ್ಲವೇ ಎಂದು ಅನಿಸುವುದು ಸಹಜ.

ಒಂದು ಉದಾಹರಣೆ ನೋಡೋಣ. ಹಣ ಕಟ್ಟಿದ ಗ್ರಾಹಕರಿಗೆ ರಸೀದಿ ಎರಡೆರಡು ಸಲ ಹೋಗುತ್ತಿದೆ. ಒಬ್ಬಾಕೆಗೆ ಪಾವತಿಯ ಕೋಡ್ ಗೊತ್ತು, ಇನ್ನೊಬ್ಬರಿಗೆ ಸಂದೇಶ ಕಳಿಸುವ ಭಾಗ ಗೊತ್ತು. ಇಬ್ಬರೂ ಕೂತು ಮಧ್ಯಾಹ್ನದೊಳಗೆ ದೋಷ ಸರಿಪಡಿಸುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಹೊಸ ಕೋಡ್ ಬಿಡುಗಡೆಯಾದ ಮರುದಿನ ರಸೀದಿ ಒಂದೇ ಹೋಗುತ್ತಿದೆಯೇ ಎಂದು ನೋಡಬೇಕು, ದೂರು ಬಂದ ಗ್ರಾಹಕರಿಗೆ ತಿಳಿಸಿ ಎಂದು ಸಪೋರ್ಟ್‌ನವರಿಗೆ ಹೇಳಬೇಕು. ಅದನ್ನು ಅವರು ನೋಡಿರುತ್ತಾರೆ ಎಂದು ಈಕೆ, ಈಕೆ ನೋಡಿರುತ್ತಾರೆ ಎಂದು ಅವರು. ಬೆಳಗಿನ ಮೀಟಿಂಗ್‌ನಲ್ಲಿ ಆ ಟಿಕೆಟ್ ಬಗ್ಗೆ ಕೇಳಿದಾಗ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರೆ, ಅದಕ್ಕೆ ಒಡೆಯರಿಲ್ಲ ಎಂದೇ ಅರ್ಥ.

ಆದ್ದರಿಂದ ಕೂರುವ ಮೊದಲೇ ಒಬ್ಬರ ಹೆಸರು ನಿಶ್ಚಯಿಸಬೇಕು. ರಸೀದಿಯ ವಿಷಯದಲ್ಲಿ ಅದು ಆಕೆಯದು ಎಂದಿಟ್ಟುಕೊಳ್ಳಿ. ಹಾಗೆಂದು ಕೋಡೆಲ್ಲ ಆಕೆಯೇ ಬರೆಯಬೇಕೆಂದಲ್ಲ, ತಪ್ಪಾದರೆ ಬೈಗುಳವೆಲ್ಲ ಆಕೆಗೆ ಎಂದೂ ಅಲ್ಲ. ಈ ಕೆಲಸ ಎಲ್ಲಿಗೆ ಬಂತು ಎಂದು ಯಾರೇ ಕೇಳಲಿ, ಉತ್ತರ ಆಕೆಯ ಬಳಿ ಇರಬೇಕು, ಅಷ್ಟೇ. ಕೀಬೋರ್ಡ್ ಅರ್ಧ ಗಂಟೆಗೊಮ್ಮೆ ಕೈ ಬದಲಾದರೂ ಟಿಕೆಟ್‌ನ ಹೆಸರು ಬದಲಾಗುವುದಿಲ್ಲ. ಜೊತೆಗಾರರ ಹೆಸರಿಗೆ ‘ಜೋಡಿ’ ಎಂಬ ಬೇರೆ ಕಾಲಂ ಮಾಡಿಕೊಂಡರೆ ಸಾಕು. ಶ್ರಮದ ದಾಖಲೆ ಕೋಡ್‌ನಲ್ಲೇ ಉಳಿಯುತ್ತದೆ. ಗಿಟ್‌ನಲ್ಲಿ ಕಮಿಟ್ ಸಂದೇಶದ ಕೊನೆಗೆ ಒಂದು ಸಾಲು ಖಾಲಿ ಬಿಟ್ಟು ಹೀಗೆ ಬರೆದರೆ ಗಿಟ್‌ಹಬ್ ಇಬ್ಬರನ್ನೂ ಲೇಖಕರೆಂದು ತೋರಿಸುತ್ತದೆ:

```
Co-authored-by: Name <name@example.com>
```

ಆಕೆ ನಡುವೆ ರಜೆ ಹಾಕಿದರೆ ಏನು ಮುಗಿದಿದೆ, ಏನು ಬಾಕಿ ಎಂದು ಟಿಕೆಟ್‌ನಲ್ಲೇ ಬರೆಯಬೇಕು. ಮುಂದುವರಿಸುವವರು ಅದನ್ನು ಓದಿ ತಾವೇ ತಮ್ಮ ಹೆಸರಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಹೇಳದೆ ಕೇಳದೆ ಇನ್ನೊಬ್ಬರ ತಲೆಗೆ ಕಟ್ಟಿದ ಟಿಕೆಟ್ ಎಷ್ಟೋ ಸಲ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಇಬ್ಬರೂ ಬೇರೆ ಬೇರೆ ಕೂತು ಬೇರೆ ಬೇರೆ ಭಾಗ ಮಾಡುವುದಾದರೆ ಅದು ಜೋಡಿ ಕೆಲಸವೇ ಅಲ್ಲ. ಎರಡು ಉಪಟಿಕೆಟ್ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕು.

ಈ ನಿಯಮ ಸೋಲುವುದು ವರ್ಷಾಂತ್ಯದ ಮೌಲ್ಯಮಾಪನದಲ್ಲಿ. ಯಾರ ಹೆಸರಿನಲ್ಲಿ ಎಷ್ಟು ಟಿಕೆಟ್ ಮುಗಿದಿವೆ ಎಂದು ಎಣಿಸಿ ಸಂಬಳ ಏರಿಸುವ ಕಡೆ, ಇನ್ನೊಬ್ಬರ ಟಿಕೆಟ್‌ಗೆ ಕೂತು ದುಡಿಯಲು ಯಾರೂ ಬರುವುದಿಲ್ಲ. ಮ್ಯಾನೇಜರುಗಳು ಮೊದಲು ಆ ಎಣಿಕೆ ಬಿಡಬೇಕು.