ಎರಡು ಲಕ್ಷಕ್ಕೆ ಬಡ್ಡಿ ಎಷ್ಟು?

ಬಡ್ಡಿ ಲೆಕ್ಕ ಹಾಕಿಕೊಡುವ ಒಂದು ಫಾರಂ ಇದೆ ಎಂದುಕೊಳ್ಳಿ. ಸಾಲ ಕನಿಷ್ಠ 10,000 ರೂಪಾಯಿ, ಗರಿಷ್ಠ 10 ಲಕ್ಷ. 2 ಲಕ್ಷದವರೆಗೆ ವರ್ಷಕ್ಕೆ ಶೇ 10 ಬಡ್ಡಿ. ಒಂದು ರೂಪಾಯಿ ಹೆಚ್ಚಾದರೂ ಇಡೀ ಮೊತ್ತಕ್ಕೆ ಶೇ 12. ಇದರ ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟರ್ ಯಾವ ಮೊತ್ತಗಳನ್ನು ತುಂಬಬೇಕು?

50,000ಕ್ಕೆ ಸರಿಯಾದ ಉತ್ತರ ಬಂದರೆ 60,000ಕ್ಕೂ ಬರುತ್ತದೆ, ಎರಡಕ್ಕೂ ನಡೆಯುವ ಲೆಕ್ಕ ಒಂದೇ. ಹೀಗೆ ಒಂದೇ ಲೆಕ್ಕಕ್ಕೆ ಒಳಪಡುವ ಮೊತ್ತಗಳ ಗುಂಪನ್ನು ಈಕ್ವಿವಲೆನ್ಸ್ ಕ್ಲಾಸ್ ಎನ್ನುತ್ತಾರೆ. ನಮ್ಮ ಫಾರಂನಲ್ಲಿ ಇಂಥವು ನಾಲ್ಕು: 10,000ಕ್ಕಿಂತ ಕಡಿಮೆ, ಅಲ್ಲಿಂದ 2 ಲಕ್ಷದವರೆಗೆ, ಆಮೇಲೆ 10 ಲಕ್ಷದವರೆಗೆ, ಅದಕ್ಕೂ ಮೇಲೆ. ಪ್ರತಿ ಗುಂಪಿನಿಂದ ಒಂದೊಂದು ಮೊತ್ತ ಸಾಕೆನಿಸುತ್ತದೆ. ಆದರೆ ಕೋಡ್ ಹೀಗಿದ್ದರೆ?

```
rate = 10 if amount < 200000 else 12
```

ಇಲ್ಲಿ `<=` ಇರಬೇಕಿತ್ತು. ಒಂದೂವರೆ ಲಕ್ಷ ಹಾಕಿ, ಮೂರು ಲಕ್ಷ ಹಾಕಿ, ಉತ್ತರ ಸರಿಯಾಗಿಯೇ ಬರುತ್ತದೆ. ಸರಿಯಾಗಿ 2,00,000 ಹಾಕಿದಾಗ ಮಾತ್ರ ವರ್ಷದ ಬಡ್ಡಿ 20,000ದ ಬದಲು 24,000 ಎಂದು ತೋರಿಸುತ್ತದೆ. ಜನ ಸಾಲ ಕೇಳುವುದು ಇಂಥ ದುಂಡು ಮೊತ್ತಗಳಲ್ಲೇ ಅಲ್ಲವೇ! ಅದಕ್ಕೇ ಗಡಿಯ ಮೇಲಿನ ಮೊತ್ತವನ್ನೂ ಅದರ ಆಚೆಯ ಮೊತ್ತವನ್ನೂ ಹಾಕಿ ನೋಡಬೇಕು: 9,999 ಮತ್ತು 10,000; 2,00,000 ಮತ್ತು 2,00,001; 10,00,000 ಮತ್ತು 10,00,001. ಫಾರಂ ಪೈಸೆಯನ್ನೂ ಒಪ್ಪುವುದಾದರೆ ಆಚೆಯ ಮೊತ್ತ 2,00,000.01 ಆಗುತ್ತದೆ.

ಈ ಗಡಿಗಳೆಲ್ಲ ನಿಯಮದಲ್ಲೇ ಬರೆದಿರುವಂಥವು. ಸೂತ್ರದೊಳಗೆ ಅಡಗಿರುವ ಗಡಿಯೂ ಒಂದುಂಟು. ತಿಂಗಳ ಕಂತು, ಅಂದರೆ ಇಎಂಐ, ಲೆಕ್ಕ ಹಾಕುವ ಸೂತ್ರ ಇದು:

```
P × r × (1+r)^n / ((1+r)^n − 1)
```

`P` ಸಾಲ, `r` ತಿಂಗಳ ಬಡ್ಡಿ ದರ, `n` ಕಂತುಗಳ ಸಂಖ್ಯೆ. ಬಡ್ಡಿ ಸೊನ್ನೆಯಾದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. 1,20,000 ರೂಪಾಯಿಯನ್ನು 12 ಕಂತುಗಳಲ್ಲಿ ತೀರಿಸುವವರಿಗೆ 10,000 ಎಂದು ಕಾಣಬೇಕಾದ ಕಡೆ `NaN` ಎಂದು ಕಾಣಬಹುದು. ಸೊನ್ನೆ ಬಡ್ಡಿ ಯಾರು ಕೊಡುತ್ತಾರೆ ಎನ್ನುವಂತಿಲ್ಲ. ಕರ್ನಾಟಕದ ಸಹಕಾರ ಸಂಘಗಳಲ್ಲಿ ರೈತರ ಅಲ್ಪಾವಧಿ ಸಾಲಕ್ಕೆ ಬಡ್ಡಿಯಿಲ್ಲ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಹಾಗಾಗಿ ದರದ ಅಂಕಣದಲ್ಲಿ ಸೊನ್ನೆಯೇ ಒಂದು ಪ್ರತ್ಯೇಕ ಗುಂಪು. ಅದರ ಪಕ್ಕದ 0.01ನ್ನೂ ಹಾಕಿ ನೋಡಿ, ಕಂತು 10,000.54ರ ಆಸುಪಾಸಿನಲ್ಲಿ ಬರಬೇಕು.

ಒಂದು ಎಚ್ಚರಿಕೆ. ತಪ್ಪು ಮೌಲ್ಯಗಳನ್ನು ಒಂದು ಸಲಕ್ಕೆ ಒಂದೇ ಅಂಕಣದಲ್ಲಿ ಹಾಕಬೇಕು. ಮೊತ್ತ 9,999, ದರ −1 ಎಂದು ಒಟ್ಟಿಗೆ ತುಂಬಿದರೆ, ಫಾರಂ ಮೊತ್ತದ ತಪ್ಪನ್ನು ಹೇಳಿ ಅಲ್ಲೇ ನಿಲ್ಲಬಹುದು. ದರದ ತಪಾಸಣೆಯನ್ನು ಬರೆದೇ ಇಲ್ಲದಿದ್ದರೂ ಆಗ ಅದು ಗೊತ್ತಾಗುವುದಿಲ್ಲ.