ಬಿಲ್ಲಿನ ಮೊತ್ತ ತಪ್ಪಾದಾಗ ಕಳಿಸುವ ಮೇಲ್

ತಪ್ಪು ಮೊತ್ತದ ಬಿಲ್ ಹೋದ ಮೇಲೆ ಗಿರಾಕಿಗೆ ಬರೆಯುವ ಇಮೇಲ್‌ಗೆ ಎರಡು ಕೆಲಸವಿದೆ: ಹೊಸ ಬಿಲ್ಲನ್ನು ತಲುಪಿಸುವುದು ಮತ್ತು ಹಳೆಯ ಬಿಲ್ ಇನ್ನು ಚಾಲ್ತಿಯಲ್ಲಿಲ್ಲ ಎಂದು ತಿಳಿಸುವುದು. ಮೊದಲನೆಯದನ್ನು ಯಾರೂ ಮರೆಯುವುದಿಲ್ಲ, ಎರಡನೆಯದು ಮಾತ್ರ ಎಷ್ಟೋ ಸಲ ಬಿಟ್ಟುಹೋಗುತ್ತದೆ. ‘ಸರಿಪಡಿಸಿದ ಬಿಲ್ ಲಗತ್ತಿಸಿದೆ’ ಎಂಬ ಒಂದೇ ಸಾಲಿನ ಮೇಲ್ ಹೋದರೆ, ಅತ್ತ ಅಕೌಂಟ್ಸ್ ವಿಭಾಗದಲ್ಲಿ ಒಂದೇ ಕೆಲಸಕ್ಕೆ ಎರಡು ಬಿಲ್ ಉಳಿಯುತ್ತವೆ. ಒಬ್ಬರು ಹಳೆಯದನ್ನು ಆಗಲೇ ಲೆಕ್ಕಕ್ಕೆ ಹತ್ತಿಸಿರುತ್ತಾರೆ, ಇನ್ನೊಬ್ಬರು ಹೊಸದನ್ನೂ ಹತ್ತಿಸುತ್ತಾರೆ. ಎರಡಕ್ಕೂ ಹಣ ಸಂದಾಯವಾಗಬಹುದು. ಯಾವುದು ಸರಿ ಎಂದು ತಿಳಿಯದೆ ಎರಡನ್ನೂ ತಡೆಹಿಡಿಯುವುದು ಅದಕ್ಕಿಂತ ಹೆಚ್ಚು ನಡೆಯುವ ಸಂಗತಿ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಸಂಸ್ಥೆ ತುಮಕೂರಿನ ಕಾರ್ಖಾನೆಯೊಂದರ 60 ಏಸಿಗಳನ್ನು ಸರ್ವಿಸ್ ಮಾಡಿಕೊಟ್ಟಿದೆ. ಪರ್ಚೇಸ್ ಆರ್ಡರಿನಲ್ಲಿ ಒಪ್ಪಿದ ದರ ಏಸಿಗೆ 1,350 ರೂಪಾಯಿ. 2025ರ ಜೂನ್ 4ರಂದು ಹೋದ 118ನೇ ಬಿಲ್ಲಿನಲ್ಲಿ ಅದು 1,530 ಎಂದು ಬಿದ್ದಿದೆ. ಕೆಲಸದ ಬೆಲೆ 81,000 ಆಗಬೇಕಿದ್ದದ್ದು 91,800 ಆಯಿತು. ಶೇ 18ರ ಜಿಎಸ್‌ಟಿ ಸೇರಿದಾಗ 95,580ರ ಜಾಗದಲ್ಲಿ 1,08,324 ರೂಪಾಯಿ ಬಂತು. ಎರಡು ದಿನದ ನಂತರ ಕಾರ್ಖಾನೆಯ ಅಕೌಂಟ್ಸ್‌ನವರು ಬಿಲ್ಲನ್ನು ಆರ್ಡರಿನ ಜೊತೆ ಇಟ್ಟು ನೋಡಿ, 12,744 ರೂಪಾಯಿ ಹೆಚ್ಚಿದೆ ಎಂದು ಫೋನ್ ಮಾಡಿದರು.

ಇಂಥ ತಪ್ಪು ಎಲ್ಲಿ ನುಸುಳಿದೆ ಎಂದು ಹುಡುಕಲು ಲೆಕ್ಕ ಬರೆಯುವವರ ಒಂದು ಹಳೆಯ ಉಪಾಯವಿದೆ. ಇರಬೇಕಾದ ಮೊತ್ತ ಮತ್ತು ಬಂದ ಮೊತ್ತದ ವ್ಯತ್ಯಾಸವನ್ನು 9ರಿಂದ ಭಾಗಿಸುವುದು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. ಇಲ್ಲಿ ದರದ ವ್ಯತ್ಯಾಸ 180, ಅಂದರೆ 9ರ 20 ಪಟ್ಟು. 3 ಮತ್ತು 5 ಜಾಗ ಬದಲಿಸಿಕೊಂಡಿವೆ. ಇದು ಸುಳಿವಷ್ಟೇ, ಪುರಾವೆಯಲ್ಲ, ಏಕೆಂದರೆ ಬೇರೆ ಕಾರಣದಿಂದ ಬಂದ ವ್ಯತ್ಯಾಸವೂ 9ರಿಂದ ಭಾಗವಾಗಬಹುದು. ಆದರೂ ತಪ್ಪಿನ ಮೂಲ ಸಿಕ್ಕ ಮೇಲೆಯೇ ಮೇಲ್ ಬರೆಯಲು ಕೂರುವುದು ಒಳ್ಳೆಯದು. ಅವಸರದಲ್ಲಿ ಬರೀ ಒಟ್ಟು ಮೊತ್ತವನ್ನು ತಿದ್ದಿ ಕಳಿಸಿ, ತೆರಿಗೆಯ ಸಾಲು ಹಾಗೇ ಉಳಿದು, ಎರಡನೇ ಸಲವೂ ಕ್ಷಮೆ ಕೇಳಿದವರಿದ್ದಾರೆ.

ಮೇಲ್‌ನಲ್ಲಿ ಏನು ಹೇಳಬೇಕು ಎಂಬುದು ಹಳೆಯ ಬಿಲ್ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಅವಲಂಬಿಸಿದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಂಸ್ಥೆ ತನ್ನ ಮಾರಾಟದ ಬಿಲ್ಲುಗಳನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. ಅಲ್ಲಿ ತೋರಿಸಿದ ಬಿಲ್, ಕೊಂಡವರ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅವರು ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುವುದು ಅದರ ಆಧಾರದ ಮೇಲೆ. ಪೀಣ್ಯದ ಸಂಸ್ಥೆಗೆ ತಪ್ಪು ಗೊತ್ತಾದದ್ದು ಜೂನ್ 6ರಂದು. ಜೂನ್ ತಿಂಗಳ ಬಿಲ್ ರಿಟರ್ನಿಗೆ ಹೋಗಲು ಜುಲೈ 11ರವರೆಗೆ ಸಮಯವಿದೆ, ಕಾರ್ಖಾನೆ ಹಣವನ್ನೂ ಕೊಟ್ಟಿಲ್ಲ. ಹಾಗಾಗಿ ಹಳೆಯ ಬಿಲ್ಲನ್ನು ರದ್ದು ಮಾಡಿ ಹೊಸದನ್ನು ಕೊಡುವ ಸರಳ ದಾರಿ ತೆರೆದಿದೆ.

ಇ-ಇನ್‌ವಾಯ್ಸ್ ವ್ಯವಸ್ಥೆಗೆ ಒಳಪಟ್ಟವರಿಗೆ ಈ ದಾರಿ ಕಿರಿದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಅದು ಕಡ್ಡಾಯವಾಗಿದೆ. ಆ ಪೋರ್ಟಲಿನಲ್ಲಿ ನೋಂದಾಯಿತ ಬಿಲ್ಲನ್ನು ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ರದ್ದು ಮಾಡಬಹುದು, ಅಷ್ಟೆ. ರದ್ದಾದ ನಂಬರನ್ನು ಮತ್ತೆ ಬಳಸುವಂತೆಯೂ ಇಲ್ಲ. ಉದಾಹರಣೆಯ ಸಂಸ್ಥೆ ಆ ಮಿತಿಯ ಕೆಳಗಿದೆ ಎಂದು ಇಟ್ಟುಕೊಳ್ಳೋಣ.

ಹೊಸ ಬಿಲ್ಲಿಗೆ ಯಾವ ನಂಬರ್ ಕೊಡಬೇಕು ಎಂಬಲ್ಲಿ ಅನೇಕರು ಎಡವುತ್ತಾರೆ. ಅದೇ 118ನೇ ನಂಬರಿನಲ್ಲಿ, ಅದೇ ಜೂನ್ 4ರ ತಾರೀಖಿನಲ್ಲಿ ತಿದ್ದಿದ ಬಿಲ್ ಕಳಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಒಂದೇ ನಂಬರಿನ ಎರಡು ಪಿಡಿಎಫ್ ಎದುರಿಗಿದ್ದರೆ ಯಾವುದು ನಿಜವಾದದ್ದು ಎಂದು ಹೇಳುವ ಗುರುತು ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ಸರಣಿಯಲ್ಲಿ ಮುಂದಿನ ನಂಬರನ್ನು, ಇಲ್ಲಿ 124 ಅನ್ನು, ಬಿಲ್ ಮಾಡಿದ ದಿನದ ತಾರೀಖಿನೊಂದಿಗೆ ಕೊಟ್ಟು, ‘ಇದು ದಿನಾಂಕ 4-6-2025ರ ಬಿಲ್ ನಂ. 118ರ ಬದಲಿಗೆ’ ಎಂದು ಬಿಲ್ಲಿನ ಮೇಲೆಯೇ ಅಚ್ಚು ಮಾಡುವುದು ಲೇಸು. ಮೇಲ್ ಕಳೆದುಹೋದರೂ ಆಗ ಬಿಲ್ ತಾನೇ ತನ್ನ ಕಥೆ ಹೇಳುತ್ತದೆ. 118 ಖಾಲಿ ಬಿತ್ತಲ್ಲ ಎಂಬ ಅಂಜಿಕೆ ಬೇಡ. ಎಷ್ಟು ದಾಖಲೆ ಹೊರಡಿಸಲಾಗಿದೆ, ಎಷ್ಟು ರದ್ದಾಗಿವೆ ಎಂದು ತೋರಿಸಲು ಜಿಎಸ್‌ಟಿಆರ್-1ರ 13ನೇ ಕೋಷ್ಟಕವಿದೆ. ಟ್ಯಾಲಿಯಲ್ಲಿಯೂ ಬಿಲ್ಲನ್ನು Alt+D ಒತ್ತಿ ಅಳಿಸುವ ಬದಲು Alt+X ಒತ್ತಿ ರದ್ದು ಮಾಡಿದರೆ, ಮೊತ್ತ ಹೋಗಿ ನಂಬರ್ ಉಳಿಯುತ್ತದೆ.

ಇಷ್ಟಾದ ಮೇಲೆ ಮೇಲ್ ಬರೆಯುವುದು ಸುಲಭ. ಹಳೆಯ ಬಿಲ್ ಹೋಗಿದ್ದ ಮೇಲ್‌ಗೇ ಉತ್ತರವಾಗಿ, ಅಂದು ಯಾರ್‍ಯಾರಿಗೆ ಹೋಗಿತ್ತೋ ಅಷ್ಟೂ ಜನರಿಗೆ ಇದೂ ಹೋಗಬೇಕು. ಫೋನ್ ಮಾಡಿದವರೊಬ್ಬರಿಗೆ ಮಾತ್ರ ಕಳಿಸಿದರೆ, ಉಳಿದವರ ಬಳಿ ತಪ್ಪು ಬಿಲ್ ಹಾಗೇ ಇರುತ್ತದೆ. ತುಮಕೂರಿಗೆ ಹೋಗಬೇಕಾದ ಮೇಲ್ ಹೆಚ್ಚುಕಡಿಮೆ ಹೀಗಿರಬಹುದು:

ವಿಷಯ: ಬಿಲ್ ನಂ. 118 (ರೂ. 1,08,324) ರದ್ದು, ಬದಲಿಗೆ ಬಿಲ್ ನಂ. 124 (ರೂ. 95,580)

ಮಾನ್ಯರೇ,

ಜೂನ್ 4ರಂದು ಕಳಿಸಿದ ಬಿಲ್ ನಂ. 118ರಲ್ಲಿ ಏಸಿ ಸರ್ವಿಸ್ ದರ 1,350 ರೂಪಾಯಿಯ ಬದಲು 1,530 ಎಂದು ತಪ್ಪಾಗಿ ನಮೂದಾಗಿದೆ. ತಪ್ಪು ನಮ್ಮದು, ಕ್ಷಮಿಸಿ. ಆ ಬಿಲ್ಲನ್ನು ರದ್ದು ಮಾಡಿದ್ದೇವೆ. ಅದರ ಬದಲಿಗೆ ದಿನಾಂಕ 7-6-2025ರ ಬಿಲ್ ನಂ. 124 ಅನ್ನು ಲಗತ್ತಿಸಿದ್ದೇವೆ.

ಕೆಲಸದ ಬೆಲೆ 91,800 ಅಲ್ಲ, 81,000 ರೂಪಾಯಿ. ಜಿಎಸ್‌ಟಿ 16,524 ಅಲ್ಲ, 14,580 ರೂಪಾಯಿ. ಪಾವತಿಸಬೇಕಾದ ಒಟ್ಟು ಮೊತ್ತ 95,580 ರೂಪಾಯಿ.

ಏಸಿಗಳ ಸಂಖ್ಯೆ, ಆರ್ಡರ್ ನಂಬರ್ ಮತ್ತು ನಮ್ಮ ಬ್ಯಾಂಕ್ ಖಾತೆಯಲ್ಲಿ ಯಾವ ಬದಲಾವಣೆಯೂ ಇಲ್ಲ. ಪಾವತಿಯ ಗಡುವು ಮೊದಲಿನಂತೆ ಜುಲೈ 4. ಬಿಲ್ ನಂ. 118 ಲೆಕ್ಕಕ್ಕೆ ಹತ್ತಿದ್ದರೆ ದಯವಿಟ್ಟು ತೆಗೆದುಹಾಕಿ, ಈ ಮೇಲ್‌ಗೆ ಒಂದು ಸಾಲಿನ ಉತ್ತರ ಕಳಿಸಿ.

ವಿಷಯದ ಸಾಲಿನಲ್ಲೇ ಎರಡೂ ನಂಬರು, ಎರಡೂ ಮೊತ್ತ ಬಂದಿರುವುದು ಸುಮ್ಮನೆ ಅಲ್ಲ. ಮೂರು ತಿಂಗಳ ನಂತರ ಯಾರಾದರೂ ಇನ್‌ಬಾಕ್ಸಿನಲ್ಲಿ 118 ಎಂದು ಹುಡುಕಿದರೂ 124 ಎಂದು ಹುಡುಕಿದರೂ ಇದೇ ಮೇಲ್ ಸಿಗಬೇಕು. ಕ್ಷಮೆಗೆ ಒಂದು ಮಾತು ಸಾಕು. ಹೊಸ ಹುಡುಗ ಬಿಲ್ ಹಾಕಿದ, ಕಂಪ್ಯೂಟರ್ ಕೆಟ್ಟಿತ್ತು ಎಂಬ ವಿವರಣೆ ಓದುವವರಿಗೆ ಬೇಕಿಲ್ಲ. ಬದಲಾಗದ ಸಂಗತಿಗಳನ್ನು ಹೇಳುವುದು ಮಾತ್ರ ಅಗತ್ಯ. ಹೊಸ ಬಿಲ್ಲಿನ ತಾರೀಖು ಮೂರು ದಿನ ಮುಂದಿರುವುದರಿಂದ ಗಡುವೂ ಮುಂದೆ ಹೋಯಿತೇ ಎಂಬ ಪ್ರಶ್ನೆ ಏಳುತ್ತದೆ. ಲಗತ್ತಿನಲ್ಲಿ ಹೊಸ ಬಿಲ್ ಒಂದೇ ಇರಲಿ. ಹೋಲಿಸಿ ನೋಡಲಿ ಎಂದು ಹಳೆಯದನ್ನೂ ಸೇರಿಸಿದರೆ, ಅದನ್ನೇ ಮುದ್ರಿಸಿ ಪಾವತಿಗೆ ಕಳಿಸುವವರೂ ಇರುತ್ತಾರೆ.

ಬ್ಯಾಂಕ್ ಖಾತೆ ಬದಲಾಗಿಲ್ಲ ಎಂಬ ಸಾಲಿಗೆ ಬೇರೆ ಮಹತ್ವವಿದೆ. ‘ಹಿಂದಿನ ಬಿಲ್ ತಪ್ಪಾಗಿದೆ, ಇದು ಹೊಸ ಬಿಲ್, ಹಣ ಈ ಖಾತೆಗೆ ಹಾಕಿ’ ಎಂಬುದು ವ್ಯಾಪಾರಿಗಳ ಮೇಲ್‌ಗೆ ಕನ್ನ ಹಾಕುವ ವಂಚಕರ ಮಾಮೂಲು ಧಾಟಿ. ಅವರು ನಿಜವಾದ ಪತ್ರವ್ಯವಹಾರವನ್ನು ಓದಿಕೊಂಡು, ಒಂದಕ್ಷರ ವ್ಯತ್ಯಾಸದ ವಿಳಾಸದಿಂದ ಬರೆಯುತ್ತಾರೆ; m ಇರುವ ಜಾಗದಲ್ಲಿ rn ಇದ್ದರೆ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಪರಿಷ್ಕೃತ ಬಿಲ್ಲಿನಲ್ಲಿ ಖಾತೆ ಸಂಖ್ಯೆಯೂ ಬದಲಾಗಿದ್ದರೆ, ಆ ಮೇಲ್‌ನಲ್ಲಿರುವ ಫೋನಿಗೆ ಅಲ್ಲ, ಮೊದಲಿನಿಂದ ಗೊತ್ತಿರುವ ನಂಬರಿಗೆ ಕರೆ ಮಾಡಿ ಕೇಳದೆ ಹಣ ಕಳಿಸಬಾರದು. ಕಳಿಸಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ದೂರು ಕೊಡಬೇಕು. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುತ್ತದೆ.

ತಪ್ಪು ತಡವಾಗಿ, ಜುಲೈ ಕೊನೆಯಲ್ಲಿ ಗೊತ್ತಾಗಿದ್ದರೆ ಇದೇ ಮೇಲ್ ನಡೆಯುತ್ತಿರಲಿಲ್ಲ. ಅಷ್ಟರಲ್ಲಿ 118ನೇ ಬಿಲ್ ರಿಟರ್ನಿನಲ್ಲಿ ಸೇರಿ, ಕಾರ್ಖಾನೆ 16,524 ರೂಪಾಯಿಯ ಕ್ರೆಡಿಟ್ ಪಡೆದಿರಬಹುದು. ಆಗ ರದ್ದು ಮಾಡುತ್ತೇವೆ ಎಂದು ಬರೆದರೂ ಪೋರ್ಟಲಿನಲ್ಲಿ ಬಿಲ್ ಹಾಗೇ ಉಳಿದಿರುತ್ತದೆ. ಅಂಥಲ್ಲಿ ಜಿಎಸ್‌ಟಿ ಕಾಯ್ದೆಯ 34ನೇ ಕಲಮು ಹೇಳುವ ಕ್ರೆಡಿಟ್ ನೋಟ್ ಕೊಡಬೇಕು: ಹಳೆಯ ಬಿಲ್ ಊರ್ಜಿತವಾಗಿಯೇ ಇರುತ್ತದೆ, ಹೆಚ್ಚಾದ 10,800 ರೂಪಾಯಿ ಮತ್ತು ಅದರ ತೆರಿಗೆ 1,944 ಸೇರಿ 12,744ಕ್ಕೆ ನೋಟ್ ಹೋಗುತ್ತದೆ. ಬಿಲ್ ಕಡಿಮೆ ಮೊತ್ತಕ್ಕೆ ಹೋಗಿದ್ದರೆ ಡೆಬಿಟ್ ನೋಟ್. ಕಾಯ್ದೆಯಲ್ಲಿ ಪರಿಷ್ಕೃತ ಇನ್‌ವಾಯ್ಸ್ ಎಂಬುದೂ ಇದೆ, ಆದರೆ ಅದು ಹೊಸದಾಗಿ ನೋಂದಣಿಯಾದವರು ಪ್ರಮಾಣಪತ್ರ ಕೈಸೇರುವ ಮೊದಲಿನ ಅವಧಿಯ ಬಿಲ್ಲುಗಳಿಗೆ ಕೊಡುವ ದಾಖಲೆ, ಇಲ್ಲಿಗೆ ಹೊಂದುವುದಿಲ್ಲ.

ಈ ಮೇಲ್‌ನಲ್ಲಿ ‘ಬದಲಿಗೆ’ ಎಂಬ ಮಾತು ಬರಲೇಬಾರದು. ಬಿಲ್ ನಂ. 118ರ ಮೇಲೆ ಇಷ್ಟು ಮೊತ್ತದ ಕ್ರೆಡಿಟ್ ನೋಟ್ ಕೊಟ್ಟಿದ್ದೇವೆ, ಪಡೆದ ಕ್ರೆಡಿಟ್‌ನಲ್ಲಿ 1,944 ರೂಪಾಯಿ ಹಿಂದಿರುಗಿಸಿ ಎಂದು ಬರೆಯಬೇಕು. ಕಾರ್ಖಾನೆ ಪೂರ್ತಿ ಹಣ ಕೊಟ್ಟಾಗಿದ್ದರೆ 12,744 ರೂಪಾಯಿಯನ್ನು ವಾಪಸು ಕೊಡುತ್ತೀರೋ ಮುಂದಿನ ಬಿಲ್ಲಿಗೆ ವಜಾ ಮಾಡುತ್ತೀರೋ ಎಂಬುದನ್ನೂ ಇಲ್ಲೇ ಹೇಳಬೇಕು. ತೆರಿಗೆಯನ್ನು ಇಳಿಸಿಕೊಳ್ಳಲು ಇರುವ ಕಾಲಮಿತಿ ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಇಲ್ಲವೇ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು.

ಮೇಲ್ ಹೋದ ಮೇಲೆ ಉಳಿಯುವ ಕೆಲಸ ಕಾಯುವುದು. ಎರಡು ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಫೋನ್ ಮಾಡಿ, 118 ತೆಗೆದಿದ್ದೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಜುಲೈನಲ್ಲಿ ರಿಟರ್ನ್ ತುಂಬುವವರಿಗೆ ಹೊಸ ಬಿಲ್ಲಿನ ಪ್ರತಿಯೂ ಮುಟ್ಟಿರಬೇಕು, ಏಕೆಂದರೆ ಬಿಲ್ ಹಾಕುವವರೊಬ್ಬರು, ರಿಟರ್ನ್ ತುಂಬುವ ಆಡಿಟರ್ ಇನ್ನೊಬ್ಬರು ಆಗಿರುವ ಕಡೆ ರದ್ದಾದ ಬಿಲ್ಲೇ ರಿಟರ್ನಿಗೆ ಹೋಗುವುದುಂಟು. ರದ್ದಾದ ಬಿಲ್ಲಿನ ಪ್ರತಿ, ಹೊಸ ಬಿಲ್, ಮೇಲ್ ಮತ್ತು ಅದಕ್ಕೆ ಬಂದ ಉತ್ತರವನ್ನು ಒಂದೇ ಕಡೆ ಇಡಬೇಕು. ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂಬುದು ಜಿಎಸ್‌ಟಿ ಕಾಯ್ದೆಯ ನಿಯಮ.