ಸವೆದ ಫ್ಲಾನೆಲ್, ಕ್ರಾಸ್ ಕಟ್ ರೇಷ್ಮೆ

1993ರ ನವೆಂಬರ್ 18ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಎಂಟಿವಿಗಾಗಿ ‘ನಿರ್ವಾಣ’ ತಂಡದ ಕಾರ್ಯಕ್ರಮದ ಚಿತ್ರೀಕರಣ ನಡೆಯಿತು. ಗಾಯಕ ಕರ್ಟ್ ಕೊಬೇನ್ ಹಾಕಿಕೊಂಡು ಬಂದಿದ್ದು ಮಾಸಲು ಹಸಿರಿನ ಒಂದು ಹಳೇ ಕಾರ್ಡಿಗನ್. ಅದರ ಒಂದು ಗುಂಡಿ ಉದುರಿತ್ತು, ಸಿಗರೇಟು ಸುಟ್ಟ ತೂತೂ ಇತ್ತು. ನೂಲಿನಲ್ಲೂ ಹೆಚ್ಚುಗಾರಿಕೆಯೇನಿಲ್ಲ, ಅಕ್ರಿಲಿಕ್ಕಿಗೆ ಒಂದಷ್ಟು ಮೊಹೇರ್ ಉಣ್ಣೆ ಬೆರೆತದ್ದು. 2019ರಲ್ಲಿ ಅದೇ ಕಾರ್ಡಿಗನ್ ಹರಾಜಿಗೆ ಬಂದು 3,34,000 ಡಾಲರಿಗೆ ಹೋಯಿತು, ಅದೂ ಒಗೆಯದೆ.

ಮೂರು ವರ್ಷ ಕಳೆದು, 1996ರ ಸೆಪ್ಟೆಂಬರ್ 21ರಂದು, ಅಮೆರಿಕದ ಜಾರ್ಜಿಯಾ ಕರಾವಳಿಯ ಕಂಬರ್‌ಲೆಂಡ್ ದ್ವೀಪದ ಪುಟ್ಟ ಮರದ ಚರ್ಚಿನಲ್ಲಿ ಜಾನ್ ಎಫ್. ಕೆನೆಡಿ ಜೂನಿಯರ್ ಮದುವೆಯಾದರು. ವಧು ಕ್ಯಾರೊಲಿನ್ ಬೆಸೆಟ್ ತೊಟ್ಟದ್ದು ಮುತ್ತಿನ ಬಣ್ಣದ ರೇಷ್ಮೆ ಕ್ರೇಪಿನ ಉದ್ದನೆಯ ಉಡುಪು. ಲೇಸಿಲ್ಲ, ಕಸೂತಿಯಿಲ್ಲ, ಮಣಿಯಿಲ್ಲ, ಬುಗ್ಗೆ ತೋಳಿಲ್ಲ. ಚರ್ಚಿನಿಂದ ಹೊರಬರುವಾಗ ವರ ಆಕೆಯ ಕೈಗೆ ಮುತ್ತಿಡುವ ಫೋಟೋ ಲೋಕವೆಲ್ಲ ಸುತ್ತಿತು. ಹೊಲಿದುಕೊಟ್ಟ ನಾರ್ಸಿಸೊ ರೊಡ್ರಿಗಸ್ ರಾತ್ರೋರಾತ್ರಿ ಹೆಸರಾದರು.

ತೊಂಬತ್ತರ ದಶಕದ ಉಡುಪಿನ ಮಾತು ಬಂದಾಗಲೆಲ್ಲ ಈ ಎರಡನ್ನೂ ಎದುರುಬದುರು ನಿಲ್ಲಿಸುವುದು ರೂಢಿ. ಒಂದು ಕಡೆ ಗ್ರಂಜ್, ಇನ್ನೊಂದು ಕಡೆ ಮಿನಿಮಲಿಸಂ. ಒಂದು ಕೊಳಕು, ಇನ್ನೊಂದು ನೀಟು. ನನಗೆ ಈ ವಿಂಗಡಣೆ ತೀರಾ ಮೇಲುಮೇಲಿನದು ಅನ್ನಿಸುತ್ತದೆ. ಇಬ್ಬರೂ ಮುನಿಸಿಕೊಂಡದ್ದು ಎಂಬತ್ತರ ದಶಕದ ಮೇಲೆ: ಭುಜಕ್ಕೆ ದಪ್ಪ ಪ್ಯಾಡು, ಕಣ್ಣು ಕುಕ್ಕುವ ಬಣ್ಣ, ಚಿನ್ನದ ಗುಂಡಿ, ‘ನನ್ನ ಹತ್ತಿರ ದುಡ್ಡಿದೆ’ ಎಂದು ದೂರದಿಂದಲೇ ಕೂಗುವ ಸೂಟು. 1987ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು, 1990ರ ಹೊತ್ತಿಗೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತವೂ ಶುರುವಾದ ಮೇಲೆ ಆ ಕೂಗು ಕೇಳಲು ಅಸಹ್ಯವಾಗತೊಡಗಿತು. ಕೂಗು ನಿಲ್ಲಿಸುವುದಕ್ಕೆ ಇಬ್ಬರು ಎರಡು ದಾರಿ ಹಿಡಿದರು. ಒಬ್ಬರು ಬಟ್ಟೆಯನ್ನು ಹೊಲಿದಾದ ಮೇಲೆ ವರ್ಷಗಟ್ಟಲೆ ಸವೆಯಲು ಬಿಟ್ಟರು. ಇನ್ನೊಬ್ಬರು ತಮ್ಮ ಕೆಲಸವನ್ನೆಲ್ಲ ಹೊಲಿಯುವ ಮುಂಚೆಯೇ, ನೂಲು ಮತ್ತು ಕತ್ತರಿಯಲ್ಲೇ, ಮುಗಿಸಿಬಿಟ್ಟರು.

ಗ್ರಂಜ್ ಹುಟ್ಟಿದ್ದು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರ ಮತ್ತು ಸುತ್ತಲಿನ ಮರಕಡಿಯುವ ಊರುಗಳಲ್ಲಿ. ಅಲ್ಲಿ ಚಳಿಗಾಲವೆಂದರೆ ಹಿಮಕ್ಕಿಂತ ಜಿಟಿಜಿಟಿ ಮಳೆ. ಹಗಲಿನ ಉಷ್ಣತೆ ಎಂಟೊಂಬತ್ತು ಡಿಗ್ರಿಯ ಆಸುಪಾಸು. ಒಂದೇ ದಪ್ಪ ಕೋಟು ಹಾಕಿದರೆ ಒಳಗೆ ಸೆಕೆ, ತೆಗೆದರೆ ಚಳಿ. ಹಾಗಾಗಿ ತೆಳುವಾದ ಮೂರು ನಾಲ್ಕು ಬಟ್ಟೆಗಳನ್ನು ಒಂದರ ಮೇಲೊಂದು ಹಾಕುವುದು ಅಲ್ಲಿನ ಕೂಲಿಕಾರರ ಹಳೆಯ ರೂಢಿ. ಎಲ್ಲಕ್ಕಿಂತ ಒಳಗೆ ಪುಟ್ಟ ಪುಟ್ಟ ಚೌಕದ ಗುಳಿಗಳಿರುವ ಹೆಣಿಗೆಯ ತುಂಬುತೋಳಿನ ಥರ್ಮಲ್ ಬನಿಯನ್. ಆ ಗುಳಿಗಳಲ್ಲಿ ನಿಲ್ಲುವ ಗಾಳಿಯೇ ಮೈ ಬಿಸಿಯನ್ನು ಹಿಡಿದಿಡುತ್ತದೆ. ಅದರ ಮೇಲೆ ಅರೆತೋಳಿನ ಟಿ-ಷರ್ಟು. ಅದರ ಮೇಲೆ ಗುಂಡಿ ಹಾಕದ ಚೌಕಳಿ ಫ್ಲಾನೆಲ್ ಅಂಗಿ. ಜೀನ್ಸಿನ ಮೊಣಕಾಲು ಹರಿದಿದ್ದರೆ ಒಳಗಿನ ಥರ್ಮಲ್ ಚಡ್ಡಿ ಹೊರಗೆ ಇಣುಕುತ್ತಿತ್ತು. ಜನ ಕಿಕ್ಕಿರಿದ ಕ್ಲಬ್ಬಿನೊಳಗೆ ಬೆವರಿಳಿದಾಗ ಫ್ಲಾನೆಲ್ಲನ್ನು ಬಿಚ್ಚಿ ಸೊಂಟಕ್ಕೆ ಬಿಗಿಯುತ್ತಿದ್ದರು. ಅದನ್ನು ಇಟ್ಟು ಬರಲು ಬೇರೆ ಜಾಗವೆಲ್ಲಿತ್ತು? ಆಮೇಲೆ ಪತ್ರಿಕೆಗಳು ಅದನ್ನೇ ಸ್ಟೈಲ್ ಅಂದವು. ಕೊಬೇನ್ ಇಷ್ಟು ಬಟ್ಟೆ ಹೇರಿಕೊಳ್ಳುತ್ತಿದ್ದುದಕ್ಕೆ ಚಳಿಯ ಜೊತೆಗೆ ತನ್ನ ಸಣಕಲು ಮೈ ಕಾಣದಿರಲಿ ಎಂಬ ಸಂಕೋಚವೂ ಕಾರಣವಾಗಿತ್ತು.

ಫ್ಲಾನೆಲ್ಲಿನ ಗುಟ್ಟು ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಹತ್ತಿಯನ್ನೋ ಉಣ್ಣೆಯನ್ನೋ ಸ್ವಲ್ಪ ಸಡಿಲವಾಗಿ ನೇಯ್ದು, ಆಮೇಲೆ ಸಣ್ಣ ತಂತಿಹಲ್ಲುಗಳಿರುವ ಉರುಳೆಗಳ ಕೆಳಗೆ ಹಾಯಿಸುತ್ತಾರೆ. ಹಲ್ಲುಗಳು ನೂಲನ್ನು ಕೆದರಿ ಮೇಲ್ಮೈಯಲ್ಲಿ ಮೆತ್ತನೆಯ ರೋಮ ಎಬ್ಬಿಸುತ್ತವೆ. ಬಳಸುತ್ತ ಹೋದಂತೆ ಈ ರೋಮ ಮೊದಲು ಉದುರುವುದು ಮೊಣಕೈ, ಕಾಲರ್, ತೋಳಿನ ತುದಿಗಳಲ್ಲಿ. ಚೌಕಳಿಯನ್ನು ಬಣ್ಣ ಹಾಕಿದ ನೂಲಿನಿಂದಲೇ ನೇಯ್ದಿದ್ದರೆ ಒಳಮೈ ಹೊರಮೈ ಎರಡೂ ಒಂದೇ ಬಣ್ಣ. ಒಗೆದಷ್ಟೂ ಎರಡೂ ಸಮವಾಗಿ ಮಾಸುತ್ತವೆ. ಅಚ್ಚು ಹಾಕಿದ್ದಾದರೆ ಬಟ್ಟೆಯನ್ನು ಮಗುಚಿದಾಗ ಒಳಮೈ ಪೇಲವವಾಗಿ ಕಾಣುತ್ತದೆ. ಸಿಯಾಟಲಿನ ಹುಡುಗರು ಇಂಥ ಅಂಗಿಗಳನ್ನು ಧರ್ಮಸಂಸ್ಥೆಗಳು ನಡೆಸುವ ಹಳೇ ಬಟ್ಟೆ ಅಂಗಡಿಗಳಲ್ಲಿ ಪುಡಿಗಾಸಿಗೆ ಕೊಳ್ಳುತ್ತಿದ್ದರು. ಅವರ ಮೈಗೆ ಬರುವ ಹೊತ್ತಿಗೆ ಅದನ್ನು ಇನ್ಯಾರೋ ಹತ್ತು ವರ್ಷ ಸವೆಸಿಕೊಟ್ಟಿರುತ್ತಿದ್ದರು. ಗ್ರಂಜಿನ ಚೆಲುವು ಇದ್ದದ್ದು ಆ ಸವೆತದಲ್ಲಿ, ಚೌಕಳಿಯಲ್ಲಿ ಅಲ್ಲ.

ಇದನ್ನು ನ್ಯೂಯಾರ್ಕಿನ ವಿನ್ಯಾಸಕ ಮಾರ್ಕ್ ಜೇಕಬ್ಸ್ ದುಬಾರಿ ಬೆಲೆ ತೆತ್ತು ಕಲಿತರು. 1992ರ ನವೆಂಬರಿನಲ್ಲಿ ‘ಪೆರಿ ಎಲ್ಲಿಸ್’ ಕಂಪನಿಗಾಗಿ ಅವರು ನಡೆಸಿದ ಷೋದಲ್ಲಿ ಕೇಟ್ ಮಾಸ್, ನವೋಮಿ ಕ್ಯಾಂಬೆಲ್‌ರಂಥ ರೂಪದರ್ಶಿಗಳು ಉಣ್ಣೆಯ ಟೊಪ್ಪಿಗೆ, ದಪ್ಪ ಬೂಟು, ಸೊಂಟಕ್ಕೆ ಕಟ್ಟಿದ ಚೌಕಳಿ ಅಂಗಿ ತೊಟ್ಟು ನಡೆದರು. ಆದರೆ ಆ ಅಂಗಿ ಫ್ಲಾನೆಲ್ ಅಲ್ಲ, ಫ್ಲಾನೆಲ್ಲಿನ ಚೌಕಳಿಯನ್ನು ಅಚ್ಚೊತ್ತಿದ ರೇಷ್ಮೆ. ರೇಷ್ಮೆಗೆ ಕೆದರಿದ ರೋಮವಿಲ್ಲ, ಅದು ಗಾಳಿ ಹಿಡಿಯುವುದಿಲ್ಲ. ಹಳತಾದಾಗ ಮೆತ್ತಗಾಗುವ ಬದಲು ಹೊಲಿಗೆಯ ಹತ್ತಿರ ಸೀಳುತ್ತದೆ. ಅಂದರೆ ನಕಾಶೆ ಬಂತು, ಗುಣ ಬರಲಿಲ್ಲ. ಶ್ರೀಮಂತ ಗಿರಾಕಿಗೆ ಇದು ಭಿಕಾರಿ ವೇಷವಾಗಿ ಕಂಡರೆ, ಸಿಯಾಟಲಿನವರಿಗೆ ಅಣಕವಾಗಿ ಕಂಡಿತು. ವಿಮರ್ಶಕಿ ಸೂಜಿ ಮೆಂಕೆಸ್ ಗ್ರಂಜ್ ಘೋರವಾಗಿದೆ ಎಂದು ಸಾರುವ ಬಿಲ್ಲೆಗಳನ್ನೇ ಹಂಚಿದರು. ಕೊಬೇನ್ ಮತ್ತು ಅವರ ಪತ್ನಿ, ಗಾಯಕಿ ಕೋರ್ಟ್ನಿ ಲವ್, ತಮಗೆ ಕಳಿಸಿಕೊಟ್ಟ ಬಟ್ಟೆಗಳನ್ನು ಸುಟ್ಟುಹಾಕಿದರಂತೆ; ಇದನ್ನು ಕೋರ್ಟ್ನಿ ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಜೇಕಬ್ಸ್ ಕೆಲಸ ಕಳೆದುಕೊಂಡರು. (2018ರಲ್ಲಿ ಅದೇ ಉಡುಪುಗಳನ್ನು ಮತ್ತೆ ಹೊಲಿಸಿ ಸ್ವಂತ ಹೆಸರಿನಲ್ಲಿ ಮಾರಿದರು ಎನ್ನುವುದು ಬೇರೆ ಮಾತು.)

ಅದೇ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಗ್ರಂಜ್ ಹುಡುಗರ ಭಾಷೆಯೆಂದು ಒಂದು ಪದಪಟ್ಟಿ ಅಚ್ಚುಹಾಕಿತು. ಅದರಲ್ಲಿ ಹರಿದ ಹಳೇ ಜೀನ್ಸಿಗೆ ‘ವ್ಯಾಕ್ ಸ್ಲ್ಯಾಕ್ಸ್’ ಎಂಬ ಹೆಸರಿತ್ತು. ಸಿಯಾಟಲಿನ ಸಂಗೀತ ವಲಯದಲ್ಲಿದ್ದ ಮೇಗನ್ ಜಾಸ್ಪರ್, ವರದಿಗಾರರ ಕಾಟಕ್ಕೆ ಬೇಸತ್ತು, ಫೋನಿನಲ್ಲಿ ನಿಂತ ನಿಲುವಿನಲ್ಲೇ ಅಷ್ಟನ್ನೂ ಹೊಸೆದು ಹೇಳಿದ್ದರು! ಗ್ರಂಜಿನ ಧೋರಣೆ ಏನೆಂದು ಕೇಳಿದರೆ ನಾನು ತೋರಿಸುವುದು ಈ ಕಿಡಿಗೇಡಿತನವನ್ನೇ.

ಇನ್ನೊಂದು ದಾರಿ ಹಿಡಿದವರಲ್ಲಿ ಹ್ಯಾಂಬರ್ಗಿನ ಜಿಲ್ ಸ್ಯಾಂಡರ್, ವಿಯೆನ್ನಾದ ಹೆಲ್ಮುಟ್ ಲ್ಯಾಂಗ್, ನ್ಯೂಯಾರ್ಕಿನ ಕ್ಯಾಲ್ವಿನ್ ಕ್ಲೈನ್ ಪ್ರಮುಖರು. ಬೆಸೆಟ್ ಮದುವೆಗೆ ಮುಂಚೆ ಕ್ಯಾಲ್ವಿನ್ ಕ್ಲೈನ್ ಕಂಪನಿಯ ಪ್ರಚಾರ ವಿಭಾಗದಲ್ಲಿದ್ದವರು. ರೊಡ್ರಿಗಸ್ ಕೂಡ ಅಲ್ಲೇ ದುಡಿದ ಗೆಳೆಯ. ಅಲಂಕಾರವನ್ನೆಲ್ಲ ಕಿತ್ತುಹಾಕಿದರೆ ಕೆಲಸ ಕಡಿಮೆಯಾಗುತ್ತದೆ ಎಂದುಕೊಳ್ಳುವುದು ಸಹಜ. ಆಗುವುದು ಉಲ್ಟಾ. ಲೇಸು, ನೆರಿಗೆ, ಕಸೂತಿಗಳು ದರ್ಜಿಯ ತಪ್ಪುಗಳನ್ನು ಮುಚ್ಚುತ್ತವೆ. ಅವಿಲ್ಲದ ಕಡೆ ಒಂದು ಹೊಲಿಗೆ ಸೊಟ್ಟಗಾದರೂ ಎಲ್ಲರ ಕಣ್ಣೂ ಅಲ್ಲೇ.

ಆ ಮದುವೆ ಉಡುಪಿನ ಜೀವ ಇದ್ದದ್ದು ಎರಡು ಸಂಗತಿಗಳಲ್ಲಿ. ಮೊದಲನೆಯದು ಕ್ರೇಪ್. ನೂಲನ್ನು ವಿಪರೀತ ಹುರಿಮಾಡಿ ನೇಯ್ದಾಗ ಅದು ಮತ್ತೆ ಬಿಚ್ಚಿಕೊಳ್ಳಲು ಹವಣಿಸಿ ಬಟ್ಟೆಯ ಮೇಲೆ ಕಂಡೂ ಕಾಣದ ಸುಕ್ಕು ಎಬ್ಬಿಸುತ್ತದೆ. ಹೊಳಪು ತಗ್ಗುತ್ತದೆ, ಬಟ್ಟೆಗೆ ತೂಕದ ಬೀಳು ಬರುತ್ತದೆ. ಮೈಸೂರು ಸಿಲ್ಕ್ ಸೀರೆ ಉಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅದೂ ಕ್ರೇಪೇ. ಕಂಚಿಯಂತೆ ಸೆಟೆದು ನಿಲ್ಲದೆ ಸೊಂಟದಿಂದ ಜಾರಿ ಇಳಿಯುವುದು ಆ ಹುರಿಯಿಂದಲೇ.

ಎರಡನೆಯದು ಕತ್ತರಿ. ಬಟ್ಟೆಯನ್ನು ಹಾಸು ಹೊಕ್ಕಿನ ನೇರಕ್ಕೆ ಇಟ್ಟು ಕತ್ತರಿಸಿದರೆ ಅದು ಎಳೆದರೂ ಹಿಗ್ಗದು. 45 ಡಿಗ್ರಿ ಓರೆಗೆ ತಿರುಗಿಸಿ ಕತ್ತರಿಸಿದರೆ ಎಳೆಗಳು ಒಂದರ ಮೇಲೊಂದು ವಾಲಿ, ರಬ್ಬರ್ ನೂಲಿಲ್ಲದೆಯೇ ಬಟ್ಟೆ ಹಿಗ್ಗುತ್ತದೆ. ರವಿಕೆಯನ್ನು ‘ಕ್ರಾಸ್ ಕಟ್’ ಹೊಲಿಯಿರಿ ಎಂದು ನಮ್ಮ ಹೆಂಗಸರು ದರ್ಜಿಗೆ ಹೇಳುವುದು ಇದಕ್ಕೇ. ಪ್ಯಾರಿಸ್ಸಿನ ಮ್ಯಾಡಲಿನ್ ವಿಯೊನೆ 1920ರ ದಶಕದಲ್ಲೇ ಇಡೀ ಉಡುಪುಗಳನ್ನು ಹೀಗೆ ಕತ್ತರಿಸಿ ಪ್ರಸಿದ್ಧರಾಗಿದ್ದರು. ರವಿಕೆಗೆ ಒಂದು ಗೇಣು ಓರೆ ಸಾಕು. ಕುತ್ತಿಗೆಯಿಂದ ಪಾದದವರೆಗೆ ಓರೆ ಬಂದಾಗ ಫಜೀತಿ ಶುರು. ಬಟ್ಟೆ ಹೆಚ್ಚು ಬೇಕು, ಮೂಲೆಗಳೆಲ್ಲ ವೇಸ್ಟು. ಹೊಲಿಯುವಾಗ ತುಸು ಎಳೆದು ಹೊಲಿಯದಿದ್ದರೆ ತೊಟ್ಟಾಗ ದಾರ ಪಟಪಟ ಕಿತ್ತುಬರುತ್ತದೆ. ಹೊಲಿದ ಕೂಡಲೇ ಅಂಚು ಮಡಿಚುವಂತಿಲ್ಲ. ಒಂದೆರಡು ದಿನ ತೂಗುಹಾಕಿ, ತನ್ನ ಭಾರಕ್ಕೆ ತಾನೇ ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ನೆಲದಿಂದ ಅಳೆದು ಸಮ ಮಾಡಬೇಕು. ಅವಸರಪಟ್ಟರೆ ವಾರದೊಳಗೆ ಅಂಚು ಒಂದು ಕಡೆ ಜೋತುಬೀಳುತ್ತದೆ. ಮೈಗೆ ಒಪ್ಪುವ ಉಡುಪಿನೊಳಗೆ ಮೈಯನ್ನು ತೂರಿಸುವುದೂ ಸಲೀಸಲ್ಲ. ಅದನ್ನು ತಲೆಯ ಮೇಲಿಂದ ಇಳಿಸಿಕೊಳ್ಳಲು ಬೆಸೆಟ್‌ಗೆ ತೊಡಕಾಗಿ ಮದುವೆಯೇ ತಡವಾಯಿತು ಎಂದು ಹಲವರು ಬರೆದಿದ್ದಾರೆ.

ಎರಡೂ ಬಣಗಳು ಕೂಡುವ ಜಾಗ ಈ ಓರೆ ಕತ್ತರಿಯ ಉಡುಪೇ. ಸಣ್ಣ ಪಟ್ಟಿಯ ಸ್ಲಿಪ್ ಅಂದರೆ ಮೂಲದಲ್ಲಿ ಫ್ರಾಕಿನೊಳಗೆ ಹಾಕುತ್ತಿದ್ದ ಪೆಟಿಕೋಟು. ಕೋರ್ಟ್ನಿ ಲವ್ ಅಂಥ ಹಳೇ ಸ್ಲಿಪ್ಪುಗಳನ್ನು, ಎಳೆ ಮಕ್ಕಳ ಫ್ರಾಕಿನಂಥ ಉಡುಪುಗಳನ್ನು ಹರಿದ ಕಾಲುಚೀಲ, ಅಳಿಸಿಹೋದ ಲಿಪ್‌ಸ್ಟಿಕ್ ಸಮೇತ ವೇದಿಕೆಗೆ ತಂದರು. ಸಾಧು ಹುಡುಗಿಯ ಬಟ್ಟೆ, ಒಳಗಿನಿಂದ ಬರುವುದು ಅರಚುವ ದನಿ. ನೋಡುವವರನ್ನು ಕೆಣಕುವುದೇ ಅದರ ಉದ್ದೇಶ. ಅವರನ್ನು ನೋಡಿ ಹುಡುಗಿಯರು ಸ್ಲಿಪ್ಪಿನ ಒಳಗೆ ಟಿ-ಷರ್ಟು, ಮೇಲೆ ಫ್ಲಾನೆಲ್, ಕಾಲಿಗೆ ದಪ್ಪ ಬೂಟು ಹಾಕಿದರು. ಕ್ಯಾಲ್ವಿನ್ ಕ್ಲೈನ್ ಅದೇ ಸ್ಲಿಪ್ಪಿನಿಂದ ಉಳಿದುದೆಲ್ಲವನ್ನೂ ತೆಗೆದು, ತೆಳ್ಳಗಿನ ಚಪ್ಪಲಿಯೊಂದನ್ನು ಉಳಿಸಿ ಸಂಜೆಯ ಔತಣಕ್ಕೆ ಕಳಿಸಿದರು. ಕೇಟ್ ಮಾಸ್ ಎರಡೂ ಕಡೆ ಕಾಣಿಸಿಕೊಂಡರು. ಮೇಲೆ ಪದರಗಳಿದ್ದರೆ ಸ್ಲಿಪ್ಪಿನ ಕತ್ತರಿ ಕೆಟ್ಟದಾಗಿದ್ದರೂ ನಡೆಯುತ್ತದೆ, ಮೈ ಹೇಗಿದ್ದರೂ ನಡೆಯುತ್ತದೆ. ಒಂಟಿಯಾಗಿ ತೊಟ್ಟಾಗ ಎರಡಕ್ಕೂ ರಿಯಾಯಿತಿ ಇಲ್ಲ. ಮಿನಿಮಲಿಸಂ ಸರಳ ಎಂದವರು ಆ ಸರಳತೆ ಯಾವ ಮೈಕಟ್ಟಿನವರಿಗೆ ಮೀಸಲಾಗಿತ್ತು ಎಂಬುದನ್ನು ಹೇಳಲಿಲ್ಲ. ಆ ಮಟ್ಟಿಗೆ ಹರಿದ ಜೀನ್ಸೇ ಹೆಚ್ಚು ಉದಾರಿ.

ಈ ಸ್ಲಿಪ್ ಉಡುಪು ಈಗ ಮತ್ತೆ ಅಂಗಡಿಗಳಿಗೆ ಬಂದಿದೆ, ಹೆಚ್ಚಿನವು ಪಾಲಿಯೆಸ್ಟರ್ ಸ್ಯಾಟಿನ್. ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ಎಳೆಗಳು ಓಡುವ ದಿಕ್ಕು ನೋಡಿ. ನೆಟ್ಟಗೆ ಮೇಲಿನಿಂದ ಕೆಳಕ್ಕೆ ಓಡಿದರೆ ಅದು ಓರೆ ಕತ್ತರಿಯದಲ್ಲ. ಕೂತಾಗ ಹೊಟ್ಟೆಯ ಹತ್ತಿರ ಬಿಗಿಯುತ್ತದೆ. ತೊಟ್ಟು ನಾಲ್ಕು ಹೆಜ್ಜೆ ನಡೆದಾಗ ಪಕ್ಕದ ಹೊಲಿಗೆ ತೊಡೆಯ ಮುಂಭಾಗಕ್ಕೆ ಸುತ್ತಿಕೊಂಡು ಬಂದರೆ, ಓರೆಯಲ್ಲಿ ಕತ್ತರಿಸಿದ್ದಾರೆ, ಆದರೆ ಎಡ ಬಲದ ತುಂಡುಗಳ ಎಳೆ ಹೊಂದಿಸಿಲ್ಲ. ಅದನ್ನು ಯಾವ ದರ್ಜಿಯೂ ಆಮೇಲೆ ಸರಿಮಾಡಲಾರ. ಮೇಲೊಂದು ಫ್ಲಾನೆಲ್ ಅಂಗಿ ಹಾಕಿಕೊಳ್ಳಬಹುದು, ಅಷ್ಟೆ.